ಕಾಗದದ ದೋಣಿಯ ವಿಡಿಯೊ ಮತ್ತು ಕರೆಯದೆ ಬಂದ ನೋಡುಗರು

ಆರು ನಿಮಿಷದ ವಿಡಿಯೊ. ಇಬ್ಬರು ಮಕ್ಕಳು ನೋಟ್‌ಬುಕ್ ಹಾಳೆ ಮಡಚಿ ದೋಣಿ ಮಾಡುತ್ತಾರೆ, ಟಬ್ಬಿನ ನೀರಿನಲ್ಲಿ ತೇಲಿಬಿಡುತ್ತಾರೆ, ಒಂದೊಂದೇ ನಾಣ್ಯ ಹಾಕುತ್ತ ಎಷ್ಟಕ್ಕೆ ಮುಳುಗುತ್ತದೆ ಎಂದು ಎಣಿಸುತ್ತಾರೆ. ಚಿತ್ರೀಕರಣಕ್ಕೆ ಹಿಡಿದದ್ದು ಒಂದು ಮಧ್ಯಾಹ್ನ. ಅದನ್ನು ಯೂಟ್ಯೂಬಿಗೆ ಏರಿಸಿ, ತಪ್ಪು ಗೊತ್ತಾಗಿ, ಇಳಿಸಿ, ಮತ್ತೆ ಸರಿಯಾಗಿ ಏರಿಸುವಷ್ಟರಲ್ಲಿ ಐದು ವಾರ ಕಳೆದವು. ತಪ್ಪು ವಿಡಿಯೊದಲ್ಲಿ ಇರಲಿಲ್ಲ. ಅದರ ಸುತ್ತ ನಾವು ಬರೆದ ನಾಲ್ಕು ಸಾಲಿನಲ್ಲಿ, ಒತ್ತಿದ ಒಂದು ಗುಂಡಿಯಲ್ಲಿ ಇತ್ತು.

ಮೊದಲ ಸಲ ಏರಿಸುವಾಗ "Audience" ಎಂಬ ಭಾಗ ಬಂತು. ಆಯ್ಕೆ ಎರಡೇ: "Yes, it's made for kids" ಅಥವಾ "No, it's not made for kids". ಮಕ್ಕಳದ್ದು ಎಂದು ಒತ್ತಿದರೆ ಕಮೆಂಟ್ ಮುಚ್ಚುತ್ತದೆ, ನೋಡುಗರ ಅಭಿರುಚಿ ನೋಡಿ ಹಾಕುವ ಜಾಹೀರಾತು ನಿಲ್ಲುತ್ತದೆ, ಕೊನೆಯಲ್ಲಿ ಬರುವ ಎಂಡ್ ಸ್ಕ್ರೀನ್ ಮತ್ತು ನಡುವೆ ಇಣುಕುವ ಕಾರ್ಡುಗಳು ಸಿಗುವುದಿಲ್ಲ. ಇಷ್ಟು ಓದಿದ ಮೇಲೆ "ದೊಡ್ಡವರೂ ನೋಡಬಹುದಲ್ಲ" ಎಂಬ ಸಮಾಧಾನ ಹೇಳಿಕೊಂಡು "No" ಒತ್ತಿದೆವು. ಬಹಳಷ್ಟು ಜನ ಇಲ್ಲಿಯೇ ಜಾರುತ್ತಾರೆ. ಪ್ರಶ್ನೆ ಕೇಳುವುದು ವಿಡಿಯೊ ಯಾರಿಗಾಗಿ ಎಂದು. ನಾವು ಉತ್ತರ ಕೊಟ್ಟದ್ದು ನಮಗೆ ಯಾವ ಸವಲತ್ತು ಬೇಕು ಎಂಬುದಕ್ಕೆ.

ಈ ಪ್ರಶ್ನೆ ಎಲ್ಲಿಂದ ಬಂತು ಎಂದು ಗೊತ್ತಿದ್ದರೆ ಉತ್ತರ ಸುಲಭವಾಗುತ್ತದೆ. ಅಮೆರಿಕದಲ್ಲಿ 1998ರಲ್ಲಿ ಕೊಪ್ಪಾ ಎಂಬ ಕಾನೂನು ಆಯಿತು. 13 ವರ್ಷದ ಒಳಗಿನ ಮಕ್ಕಳ ಮಾಹಿತಿಯನ್ನು ತಂದೆತಾಯಿಯ ಒಪ್ಪಿಗೆ ಇಲ್ಲದೆ ಜಾಲತಾಣಗಳು ಸಂಗ್ರಹಿಸಬಾರದು ಎಂಬುದು ಅದರ ತಿರುಳು. 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಮತ್ತು ಯೂಟ್ಯೂಬ್ ಇದೇ ಕಾನೂನಿನ ಪ್ರಕರಣದಲ್ಲಿ 17 ಕೋಟಿ ಡಾಲರ್ ಕೊಡಲು ಒಪ್ಪಿದವು. ಅದರ ಬೆನ್ನಲ್ಲೇ, 2020ರ ಜನವರಿಯಿಂದ, ಈ ಆಯ್ಕೆಯ ನಿಯಮ ಎಲ್ಲ ದೇಶಗಳ ಚಾನೆಲ್‌ಗಳಿಗೂ ಜಾರಿಗೆ ಬಂತು. ಹಾಗಾಗಿ ಇದು "ಮಕ್ಕಳು ನೋಡಲು ಯೋಗ್ಯವೇ" ಎಂಬ ಪ್ರಶ್ನೆ ಅಲ್ಲ. "ಇದನ್ನು ನೋಡುವವರು ಮಗು ಎಂದು ತಿಳಿದು ಅವರ ಜಾಡು ಹಿಡಿಯದೆ ಬಿಡಬೇಕೆ" ಎಂಬ ಪ್ರಶ್ನೆ. ಕೆಳಗೆ "Age restriction" ಎಂದು ಇನ್ನೊಂದು ಇದೆ, ಅದು 18 ತುಂಬದವರಿಗೆ ವಿಡಿಯೊ ಕಾಣದ ಹಾಗೆ ಮಾಡುವುದು. ಎರಡಕ್ಕೂ ಸಂಬಂಧವಿಲ್ಲ. "No" ಒತ್ತಿದರೆ ವಿಡಿಯೊ ದೊಡ್ಡವರಿಗೆ ಮಾತ್ರ ಆಗುವುದಿಲ್ಲ, "Yes" ಒತ್ತಿದರೆ ಮಕ್ಕಳಿಗೆ ಮಾತ್ರ ಆಗುವುದೂ ಇಲ್ಲ. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆಮೇಲೆ ಶೀರ್ಷಿಕೆ. ಮಕ್ಕಳಿಬ್ಬರ ಹೆಸರು, ಹುಡುಗಿಯ ವಯಸ್ಸು, ಮುಂದೆ "ನೀರಾಟ" ಎಂಬ ಪದ, ಕೊನೆಗೆ "ತುಂಬಾ ಕ್ಯೂಟ್". ಮನೆಯವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಬರೆಯುವ ಹಾಗೆ ಬರೆದಿದ್ದೆವು. ಟ್ಯಾಗ್‌ಗಳಲ್ಲಿ "ಕ್ಯೂಟ್ ಗರ್ಲ್", "ಫನ್ನಿ ಕಿಡ್ಸ್", "ವೈರಲ್", "ಚಾಲೆಂಜ್", ಜೊತೆಗೆ ಎರಡು ಜನಪ್ರಿಯ ಕಾರ್ಟೂನ್ ಪಾತ್ರಗಳ ಹೆಸರು. ಆ ಪಾತ್ರಗಳು ವಿಡಿಯೊದಲ್ಲಿ ಎಲ್ಲೂ ಇಲ್ಲ. ಜಾಗ ಉಳಿದಿದೆ, ತುಂಬೋಣ ಎಂದು ತುಂಬಿದ್ದು.

ಮೂರು ವಾರ ಏನೂ ಆಗಲಿಲ್ಲ. ಆಮೇಲೆ ಒಂದೆರಡು ದಿನದಲ್ಲಿ ವೀಕ್ಷಣೆ ದಿಢೀರನೆ ಏರಿತು. ಖುಷಿಪಡುವ ಮೊದಲು ಎಲ್ಲಿಂದ ಏರಿತು ಎಂದು ನೋಡಬೇಕು, ಅದನ್ನು ಯಾರೂ ಮಾಡುವುದಿಲ್ಲ. ಚಾನೆಲ್ ನಡೆಸುವವರಿಗೆಂದು ಇರುವ ಯೂಟ್ಯೂಬ್ ಸ್ಟುಡಿಯೊದಲ್ಲಿ ಆ ವಿಡಿಯೊದ ಅನಾಲಿಟಿಕ್ಸ್ ತೆರೆದು ಟ್ರಾಫಿಕ್ ಸೋರ್ಸ್ ಪಟ್ಟಿಗೆ ಹೋದರೆ ನಾಲ್ಕು ಜಾಗ ನೋಡುವಂಥವು. "YouTube search" ಒತ್ತಿದರೆ ಯಾವ ಪದ ಹುಡುಕಿ ಬಂದರು ಎಂದು ಕಾಣುತ್ತದೆ. "Suggested videos" ಒತ್ತಿದರೆ ಯಾವ ವಿಡಿಯೊ ಪಕ್ಕದಲ್ಲಿ ನಮ್ಮದನ್ನು ತೋರಿಸಿದರು ಎಂದು. "Playlists" ಒತ್ತಿದರೆ ಯಾವ ಪ್ಲೇಲಿಸ್ಟ್‌ಗಳ ಮೂಲಕ ಬಂದರು ಎಂದು. "External" ಒತ್ತಿದರೆ ಹೊರಗಿನ ಯಾವ ತಾಣದಿಂದ ಎಂದು.

ನಮ್ಮದರಲ್ಲಿ ಹುಡುಕಿ ಬಂದವರ ಪದಗಳಲ್ಲಿ ದೋಣಿ ಇರಲಿಲ್ಲ, ಕಾಗದ ಇರಲಿಲ್ಲ, ನಾಣ್ಯ ಇರಲಿಲ್ಲ. ಹುಡುಗಿ, ವಯಸ್ಸು, ನೀರು, ಈ ಮೂರರ ಸುತ್ತ ತಿರುಗುವ ಪದಗಳೇ ಇದ್ದವು. ಪಕ್ಕದಲ್ಲಿ ಕಂಡ ವಿಡಿಯೊಗಳೂ ಪ್ರಯೋಗದವಲ್ಲ, ಬೇರೆ ಬೇರೆ ಮನೆಗಳ ಮಕ್ಕಳು ನೀರಿನಲ್ಲಿ ಆಡುವ ವಿಡಿಯೊಗಳು. ಒಂದಕ್ಕೊಂದು ಸಂಬಂಧವಿಲ್ಲದ ಚಾನೆಲ್‌ಗಳ ಮಕ್ಕಳನ್ನು ಒಟ್ಟು ಹಾಕಿದ, ಅಪರಿಚಿತರ ಒಂದು ಪ್ಲೇಲಿಸ್ಟ್‌ನಲ್ಲಿ ನಮ್ಮದೂ ಸೇರಿತ್ತು. ಇನ್ನು ವಿಡಿಯೊದ ಯಾವ ಗಳಿಗೆಯನ್ನು ಎಷ್ಟು ಜನ ನೋಡಿದರು ಎಂದು ತೋರಿಸುವ ರಿಟೆನ್ಷನ್ ಗ್ರಾಫ್. ದೋಣಿಯ ವಿಡಿಯೊ ಎಂದಾದರೆ ಮುಳುಗುವ ಗಳಿಗೆಯಲ್ಲಿ ಗೆರೆ ಏಳಬೇಕು. ನಮ್ಮಲ್ಲಿ ಎದ್ದದ್ದು ಮಗು ಬಟ್ಟೆ ಒದ್ದೆ ಮಾಡಿಕೊಂಡು ಟಬ್ಬಿನಿಂದ ಹಿಂದೆ ಸರಿಯುವ ಹತ್ತು ಸೆಕೆಂಡಿನಲ್ಲಿ. ಅದೇ ಜಾಗವನ್ನು ಜನ ಹಿಂದಕ್ಕೆ ಎಳೆದು ಮತ್ತೆ ನೋಡುತ್ತಿದ್ದಾರೆ ಎಂದರ್ಥ. ಕಮೆಂಟ್‌ಗಳಲ್ಲಿ ಎರಡು ಬರೀ ಸಮಯದ ಗುರುತು, ಇಷ್ಟು ನಿಮಿಷ ಇಷ್ಟು ಸೆಕೆಂಡ್ ಎಂದು. ಆ ಗುರುತು ಬಿದ್ದದ್ದೂ ಅಲ್ಲಿಗೇ.

ಮೇಲುನೋಟಕ್ಕೆ ಇಲ್ಲಿ ಒಂದೂ ಕೆಟ್ಟ ಪದವಿಲ್ಲ, ಒಬ್ಬರೂ ಬೈದಿಲ್ಲ. ಅದಕ್ಕೇ ಗಮನಕ್ಕೆ ಬರುವುದಿಲ್ಲ. 2019ರ ಫೆಬ್ರವರಿಯಲ್ಲಿ ಇಂಥದ್ದೇ ಕಮೆಂಟ್‌ಗಳು ಸುದ್ದಿಯಾದ ಮೇಲೆ ಯೂಟ್ಯೂಬ್ ಮಕ್ಕಳಿರುವ ಕೋಟಿಗಟ್ಟಲೆ ವಿಡಿಯೊಗಳಲ್ಲಿ ಕಮೆಂಟ್ ಮುಚ್ಚಿತ್ತು. ಆ ವಿಡಿಯೊಗಳನ್ನು ಹಾಕಿದವರಲ್ಲಿ ಅನೇಕರು ನಮ್ಮ ಹಾಗೆಯೇ, ಮನೆಯ ಮಕ್ಕಳ ಆಟ ಹಾಕಿದವರು.

ಆ ದಿನ ಮಾಡಿದ ಕೆಲಸಗಳನ್ನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ, ಏಕೆಂದರೆ ಕ್ರಮ ತಪ್ಪಿದರೆ ಕೈಗೆ ಸಿಗಬೇಕಾದ್ದು ಸಿಗುವುದಿಲ್ಲ. ಮೊದಲು ಕಮೆಂಟ್‌ಗಳ, ಪ್ಲೇಲಿಸ್ಟ್‌ನ, ಹುಡುಕಾಟದ ಪದಗಳ ಸ್ಕ್ರೀನ್‌ಶಾಟ್. ಎರಡನೆಯದು, ಆ ಕಮೆಂಟ್‌ಗಳನ್ನು ಅಳಿಸದೆ ಮೂರು ಚುಕ್ಕಿ ಒತ್ತಿ "Report" ಮಾಡುವುದು. ಅಳಿಸಿದರೆ ನಮ್ಮ ಪುಟ ಚೊಕ್ಕಟವಾಗುತ್ತದೆ ಅಷ್ಟೆ, ಬರೆದವನ ಖಾತೆ ಹಾಗೇ ಇನ್ನೊಬ್ಬರ ಮಗುವಿನ ಕಡೆಗೆ ಹೋಗುತ್ತದೆ. ಪ್ಲೇಲಿಸ್ಟ್ ಅನ್ನೂ ಹಾಗೆಯೇ ವರದಿ ಮಾಡಬಹುದು. ಇದೆಲ್ಲ ಆದ ಮೇಲೆ ವಿಡಿಯೊವನ್ನು "Private" ಮಾಡಿದೆವು. "Unlisted" ಮಾಡಿದರೆ ಸಾಕು ಎಂದು ಕೆಲವರು ಹೇಳುತ್ತಾರೆ. ಸಾಲದು. ಅನ್‌ಲಿಸ್ಟೆಡ್ ವಿಡಿಯೊ ಸಾಮಾನ್ಯವಾಗಿ ಹುಡುಕಾಟದಲ್ಲಿ ಸಿಗುವುದಿಲ್ಲ, ಆದರೆ ಲಿಂಕ್ ಇದ್ದವರಿಗೆ ತೆರೆಯುತ್ತದೆ, ಯಾರದೋ ಪ್ಲೇಲಿಸ್ಟ್‌ನಲ್ಲಿ ಸೇರಿದ್ದರೆ ಅಲ್ಲಿಂದಲೂ ಓಡುತ್ತದೆ. ಬೇರೆಯವರ ಪ್ಲೇಲಿಸ್ಟ್‌ನಿಂದ ನಮ್ಮ ವಿಡಿಯೊವನ್ನು ಕಿತ್ತು ಹಾಕುವ ಗುಂಡಿ ನಮಗಿಲ್ಲ.

ಈ ಕಾರಣಕ್ಕೇ ಹಳೆಯದನ್ನು ತಿದ್ದಿ ಮತ್ತೆ ತೆರೆಯದೆ, ಅಳಿಸಿ ಹೊಸದಾಗಿ ಏರಿಸಲು ನಿರ್ಧರಿಸಿದೆವು. ಸ್ಟುಡಿಯೊದ ಎಡಿಟರ್‌ನಲ್ಲಿಯೇ ಆ ಹತ್ತು ಸೆಕೆಂಡ್ ಕತ್ತರಿಸಬಹುದಿತ್ತು, ವೀಕ್ಷಣೆಯ ಸಂಖ್ಯೆಯೂ ಉಳಿಯುತ್ತಿತ್ತು. ಆದರೆ ಲಿಂಕ್ ಅದೇ ಉಳಿಯುತ್ತದೆ, ಲಿಂಕ್ ಉಳಿದರೆ ಆ ಪ್ಲೇಲಿಸ್ಟ್‌ನಲ್ಲಿಯೂ ಜೀವ ಬರುತ್ತದೆ. ಬಂದಿದ್ದ ವೀಕ್ಷಣೆಗಳನ್ನು ಬಿಟ್ಟುಕೊಟ್ಟದ್ದು ನಮಗಾದ ನಷ್ಟ. ಅವು ಬಂದ ದಾರಿ ನೋಡಿದ ಮೇಲೆ ಅದೇನೂ ದೊಡ್ಡ ಸಂಕಟವಾಗಲಿಲ್ಲ. ಮಕ್ಕಳ ತಾಯಿಗೆ ಕಂಡದ್ದನ್ನೆಲ್ಲ ತೋರಿಸಿ, ಹೊಸದನ್ನು ಹಾಕಬಹುದೇ ಎಂದು ಇನ್ನೊಮ್ಮೆ ಕೇಳಿದ್ದು ಮಾತ್ರ ಕಷ್ಟವಾಯಿತು. ಮುಖ ಕಾಣದ ಹಾಗೆ ಮಾಡಿದರೆ ಹಾಕಿ ಎಂದರು. ಹೊಸ ಸಂಕಲನದಲ್ಲಿ ಕ್ಯಾಮೆರಾ ಕೈಗಳ ಮೇಲೆ, ನೀರಿನ ಮೇಲೆ, ದೋಣಿಯ ಮೇಲೆ. ಮಕ್ಕಳ ದನಿ ಇದೆ, ಮುಖವಿಲ್ಲ. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವ ಎರಡು ಕಡೆ ದನಿ ಕತ್ತರಿಸಿದೆವು.

ಏರಿಸುವ ಮೊದಲು ಫೈಲನ್ನೂ ಒಮ್ಮೆ ನೋಡಬೇಕಿತ್ತು. ಫೋನಿನಲ್ಲಿ ತೆಗೆದ ವಿಡಿಯೊದೊಳಗೆ ಸ್ಥಳದ ಗುರುತು ಕುಳಿತಿರಬಹುದು, ಫೈಲಿನ ಹೆಸರಿನಲ್ಲಿ ಮಗುವಿನ ಹೆಸರೂ ಇರಬಹುದು. ಯೂಟ್ಯೂಬ್ ಇವನ್ನು ನೋಡುಗರಿಗೆ ತೋರಿಸುವುದಿಲ್ಲ ನಿಜ, ಆದರೆ ಅದೇ ಫೈಲ್ ನಾಳೆ ಇನ್ನೆಲ್ಲಿಗೋ ಹೋಗುತ್ತದೆ. ಕಂಪ್ಯೂಟರಿನಲ್ಲಿ ಎಫ್ಎಫ್ಎಂಪೆಗ್ ಎಂಬ ವಿಡಿಯೊ ತಂತ್ರಾಂಶ ಇದ್ದವರಿಗೆ ಒಂದೇ ಸಾಲು ಸಾಕು, ಚಿತ್ರದ ಗುಣಮಟ್ಟ ಕೆಡುವುದಿಲ್ಲ:

```
ffmpeg -i in.mp4 -map_metadata -1 -c copy doni.mp4
```

ಎರಡನೇ ಸಲ ಏರಿಸುವಾಗ ಒಂದು ಅಚ್ಚರಿ ಕಾದಿತ್ತು. ನಾವು ಏನೂ ಬರೆಯುವ ಮೊದಲೇ ಟ್ಯಾಗ್‌ಗಳ ಚೌಕದಲ್ಲಿ "ವೈರಲ್", "ಫನ್ನಿ ಕಿಡ್ಸ್", "ಚಾಲೆಂಜ್" ಕುಳಿತಿದ್ದವು. ಎಂದೋ ಒಂದು ದಿನ ಸೆಟ್ಟಿಂಗ್ಸ್‌ನ "Upload defaults" ಪುಟದಲ್ಲಿ ನಾವೇ ತುಂಬಿಟ್ಟು ಮರೆತದ್ದು. ಅಂದಿನಿಂದ ಏರಿಸಿದ ಪ್ರತಿ ವಿಡಿಯೊಗೂ ಅವು ತಾವಾಗಿ ಅಂಟುತ್ತಿದ್ದವು. ಅಲ್ಲಿ ಅಳಿಸಿದರೆ ಮುಂದಿನವಕ್ಕೆ ಮಾತ್ರ ಸರಿಹೋಗುತ್ತದೆ. ಹಳೆಯವನ್ನು ಸ್ಟುಡಿಯೊದ "Content" ಪಟ್ಟಿಯಲ್ಲಿ ಒಟ್ಟಿಗೆ ಗುರುತು ಹಾಕಿ, "Edit" ಒತ್ತಿ, ಅಲ್ಲಿ "Tags" ಆರಿಸಿ ಒಂದೇ ಸಲ ತೆಗೆಯಬಹುದು. ನೀವು ಚಾನೆಲ್ ಶುರು ಮಾಡಿ ಒಂದು ವರ್ಷ ದಾಟಿದ್ದರೆ ಈಗಲೇ ಆ ಪುಟ ತೆರೆದು ನೋಡಿ.

ಇಂಥದ್ದೇ ಇನ್ನೊಂದು ಬಲೆ ಚಾನೆಲ್ ಮಟ್ಟದ ಪ್ರೇಕ್ಷಕರ ಆಯ್ಕೆ. ಸೆಟ್ಟಿಂಗ್ಸ್, ಚಾನೆಲ್, ಅಡ್ವಾನ್ಸ್ಡ್ ಎಂದು ಹೋದರೆ ಮೂರು ಆಯ್ಕೆ ಇವೆ: ಇಡೀ ಚಾನೆಲ್ ಮಕ್ಕಳದ್ದು, ಇಡೀ ಚಾನೆಲ್ ಮಕ್ಕಳದ್ದಲ್ಲ, ಪ್ರತಿ ವಿಡಿಯೊಗೂ ಬೇರೆಯಾಗಿ ನೋಡುತ್ತೇನೆ. ನಮ್ಮದು ಎರಡನೆಯದಕ್ಕೆ ಹೋಗಿ ನಿಂತಿತ್ತು. ಇದೇನು ಮಹಾ ಎನ್ನಿಸಬಹುದು. 2025ರ ಸೆಪ್ಟೆಂಬರ್‌ನಲ್ಲಿ ಡಿಸ್ನಿ ಸಂಸ್ಥೆ ಕೊಪ್ಪಾ ಪ್ರಕರಣವೊಂದನ್ನು ಮುಗಿಸಲು 1 ಕೋಟಿ ಡಾಲರ್ ಕೊಡಲು ಒಪ್ಪಿತು. ಅಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಆರೋಪ ಇದ್ದದ್ದು ಇದೇ ವಿಷಯಕ್ಕೆ: ಒಂದೊಂದು ವಿಡಿಯೊ ನೋಡಿ ಗುರುತು ಹಾಕುವ ಬದಲು ಚಾನೆಲ್ ಮಟ್ಟದಲ್ಲಿ ಒಂದೇ ಗುರುತು ಹಾಕಿದ್ದರಿಂದ ಮಕ್ಕಳ ವಿಡಿಯೊಗಳು ಮಕ್ಕಳದ್ದಲ್ಲ ಎಂದು ಉಳಿದವು ಎಂದು. ಬಗೆಬಗೆಯ ವಿಡಿಯೊ ಹಾಕುವ ಚಾನೆಲ್ ನಿಮ್ಮದಾದರೆ ಮೂರನೆಯ ಆಯ್ಕೆಯೇ ಸರಿ.

ಹಾಗಾದರೆ ದೋಣಿಯ ವಿಡಿಯೊ ಯಾರದು? ಮಕ್ಕಳು ಕಾಣಿಸಿಕೊಂಡ ಮಾತ್ರಕ್ಕೆ ವಿಡಿಯೊ ಮಕ್ಕಳದ್ದಾಗುವುದಿಲ್ಲ, ದೊಡ್ಡವರು ಮಾತಾಡಿದ ಮಾತ್ರಕ್ಕೆ ದೊಡ್ಡವರದ್ದೂ ಆಗುವುದಿಲ್ಲ. ವಿಷಯ, ಭಾಷೆಯ ಮಟ್ಟ, ಆಟ, ಹಾಡು, ಗೊಂಬೆ, ಪಾತ್ರಗಳು, ಮಾತು ಯಾರನ್ನು ಉದ್ದೇಶಿಸಿದೆ ಎಂಬುದು, ಎಲ್ಲವನ್ನೂ ಒಟ್ಟಿಗೆ ನೋಡಬೇಕು. ನಾವು ಪಾಲಿಸಿದ ಪರೀಕ್ಷೆ ಸರಳ: ವಿಡಿಯೊದಲ್ಲಿ "ನೀವು" ಎಂದು ಯಾರಿಗೆ ಹೇಳುತ್ತಿದ್ದೇವೆ? ಮೊದಲ ನಾಲ್ಕು ನಿಮಿಷ "ನೀವೂ ಒಂದು ದೋಣಿ ಮಾಡಿ ನೋಡ್ತೀರಾ?" ಎಂದು ಮಕ್ಕಳಿಗೆ. ಕೊನೆಯ ಎರಡು ನಿಮಿಷ ತೇಲುವ ಬಲ ಎಂದರೇನು, ತರಗತಿಯಲ್ಲಿ ಈ ಪ್ರಯೋಗವನ್ನು ಹೇಗೆ ಹಂಚಬೇಕು ಎಂದು ಶಿಕ್ಷಕರಿಗೆ. ಒಂದೇ ವಿಡಿಯೊದಲ್ಲಿ ಎರಡು "ನೀವು" ಇದ್ದುದರಿಂದಲೇ ಮೊದಲ ಸಲ ಆ ಗುಂಡಿಯ ಮುಂದೆ ತಡವರಿಸಿದ್ದು.

ಅದಕ್ಕೆ ವಿಡಿಯೊವನ್ನೇ ಎರಡು ಮಾಡಿದೆವು. ನಾಲ್ಕು ನಿಮಿಷದ್ದು ಮಕ್ಕಳಿಗೆ, "Yes". ಉಳಿದ ಎರಡಕ್ಕೆ ಇನ್ನೊಂದಿಷ್ಟು ಸೇರಿಸಿ ಐದು ನಿಮಿಷ ಮಾಡಿದ್ದು ಶಿಕ್ಷಕರಿಗೆ, "No". ಕಮೆಂಟ್ ಬೇಕಿದ್ದದ್ದು ನಿಜವಾಗಿ ಎರಡನೆಯದಕ್ಕೇ, ಶಿಕ್ಷಕರು ಪ್ರಶ್ನೆ ಕೇಳಲು. ನಡುವಣ ದಾರಿ ಹುಡುಕಿ ಮಕ್ಕಳ ವಿಡಿಯೊಗೆ "No" ಒತ್ತಿ ಕೂತರೆ ಏನಾಗುತ್ತದೆ ಎಂದರೆ, ಯೂಟ್ಯೂಬಿನ ಯಂತ್ರವೇ ಅದನ್ನು ಗುರುತಿಸಿ ಬದಲಿಸಬಹುದು. ಆಗ ಸ್ಟುಡಿಯೊದಲ್ಲಿ ಆ ವಿಡಿಯೊದ ಎದುರು ಮಕ್ಕಳದ್ದೆಂದು ಯೂಟ್ಯೂಬ್ ಗುರುತಿಸಿದೆ ಎಂಬ ಸೂಚನೆ ಬರುತ್ತದೆ, ನಾವಾಗಿ ಹಿಂದಕ್ಕೆ ಬದಲಿಸಲು ಬರುವುದಿಲ್ಲ, ಮರುಪರಿಶೀಲನೆಗೆ ಕೇಳಬೇಕು.

ಈಗ ಮೊದಲು ನೆನಪಿಡಿ ಎಂದ ಮಾತು. "Yes" ಒತ್ತಿದ್ದರಿಂದ ಕಮೆಂಟ್ ಹೋಯಿತು, ಜಾಡು ಹಿಡಿಯುವುದು ನಿಂತಿತು. ಆದರೆ ಯಾರು ಬಂದು ನೋಡುತ್ತಾರೆ ಎಂಬುದನ್ನು ಅದು ತಡೆಯುವುದಿಲ್ಲ. ವಿಡಿಯೊ ಎಲ್ಲರಿಗೂ ಕಾಣುತ್ತದೆ. ಯೂಟ್ಯೂಬ್ ಕಿಡ್ಸ್ ಆ್ಯಪ್‌ಗೆ ಅದು ತಾನಾಗಿ ಸೇರಿಬಿಡುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ಬರುವವರನ್ನು ಬದಲಿಸುವುದು ಪದಗಳು ಮತ್ತು ಚಿತ್ರ.

ಶೀರ್ಷಿಕೆಗೆ ನಾವು ಇಟ್ಟುಕೊಂಡ ನಿಯಮ ಒಂದೇ: ಮಗುವನ್ನು ವರ್ಣಿಸಬೇಡ, ಕೆಲಸವನ್ನು ವರ್ಣಿಸು. ಹೆಸರು, ವಯಸ್ಸು, ಹುಡುಗ ಹುಡುಗಿ, ಬಟ್ಟೆ, ಮೈ, ಮುದ್ದು, ಸ್ನಾನ, ಶಾಲೆ, ಊರು, ಇವು ಯಾವುದೂ ದೋಣಿ ಮುಳುಗುವುದಕ್ಕೆ ಸಂಬಂಧಿಸಿದ್ದಲ್ಲ. ದೋಣಿಯನ್ನು ಹುಡುಕುವ ಮಗು "ಎಂಟು ವರ್ಷದ ಹುಡುಗಿ" ಎಂದು ಬರೆದು ಹುಡುಕುವುದಿಲ್ಲ. ಹಾಗೆ ಬರೆದು ಹುಡುಕುವವರು ಬೇರೆ. ಹೊಸ ಶೀರ್ಷಿಕೆ: "ಕಾಗದದ ದೋಣಿ ಎಷ್ಟು ನಾಣ್ಯ ಹೊರುತ್ತೆ? ಎಣಿಸೋಣ". 100 ಅಕ್ಷರದ ಮಿತಿ ಇದೆ, ಫೋನಿನಲ್ಲಿ ಅಷ್ಟೂ ಕಾಣುವುದಿಲ್ಲ, ಅದಕ್ಕೇ "ದೋಣಿ" ಮುಂದೆಯೇ ಬರಬೇಕು. "ನೀರಾಟ" ಎಂಬ ಪದ ಬಿಟ್ಟೆವು. ಪದದಲ್ಲಿ ತಪ್ಪಿಲ್ಲ, ಆದರೆ ಅದು ನಮ್ಮನ್ನು ಪ್ರಯೋಗದ ವಿಡಿಯೊಗಳ ಸಾಲಿನಿಂದ ತೆಗೆದು ಒದ್ದೆ ಬಟ್ಟೆಯ ಮಕ್ಕಳ ಸಾಲಿನಲ್ಲಿ ಕೂರಿಸಿತ್ತು.

ಟ್ಯಾಗ್‌ಗಳ ವಿಷಯಕ್ಕೆ ಬಂದರೆ, ಅವುಗಳ ಬಗ್ಗೆ ಇರುವ ಭಕ್ತಿ ಅವುಗಳ ಶಕ್ತಿಗಿಂತ ಬಹಳ ಹೆಚ್ಚು. ಹುಡುಕಾಟದಲ್ಲಿ ಟ್ಯಾಗ್‌ನ ಪಾತ್ರ ತೀರ ಸಣ್ಣದು, ಜನ ತಪ್ಪು ಕಾಗುಣಿತದಲ್ಲಿ ಹುಡುಕುವ ಪದಗಳಿಗೆ ಮಾತ್ರ ಉಪಯೋಗ ಎಂದು ಯೂಟ್ಯೂಬ್ ತಾನೇ ಹೇಳುತ್ತದೆ. ಒಟ್ಟು 500 ಅಕ್ಷರ ಹಿಡಿಸುತ್ತದೆ, ತುಂಬಲೇಬೇಕೆಂದಿಲ್ಲ. ಆದರೆ ಕನ್ನಡದವರಿಗೆ ಈ ಸಣ್ಣ ಉಪಯೋಗವೇ ದೊಡ್ಡದು. ನಮ್ಮ ಜನ ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಒತ್ತುತ್ತಾರೆ. ಹಾಗಾಗಿ ಈಗ ಇರುವ ಟ್ಯಾಗ್‌ಗಳು ಇಷ್ಟೇ:

```
ಕಾಗದದ ದೋಣಿ, ಕಾಗದದ ದೋಣಿ ಪ್ರಯೋಗ, ತೇಲುವುದು ಮುಳುಗುವುದು,
kagadada doni, kaagadada doni, kagada doni, paper doni
```

ಕಾರ್ಟೂನ್ ಹೆಸರುಗಳು ಹೋದವು. ವಿಡಿಯೊದಲ್ಲಿ ಇಲ್ಲದ್ದನ್ನು ಟ್ಯಾಗ್‌ನಲ್ಲಿ ಹೇಳುವುದು ದಾರಿ ತಪ್ಪಿಸುವ ಮೆಟಾಡೇಟಾ ಎಂಬ ನಿಯಮಭಂಗ, ಅದಕ್ಕಾಗಿ ವಿಡಿಯೊ ತೆಗೆಯಬಹುದು. ಇಡೀ ಟ್ಯಾಗ್ ಪಟ್ಟಿಯನ್ನು ವಿವರಣೆಯ ಕೆಳಗೆ ಅಂಟಿಸುವ ಹಳೆಯ ಚಾಳಿಯೂ ನಿಯಮಕ್ಕೆ ವಿರುದ್ಧವೇ. "ಚಾಲೆಂಜ್", "ಪ್ರ್ಯಾಂಕ್" ಥರದವು ಇನ್ನೊಂದು ದಿಕ್ಕಿನ ತೊಂದರೆ: ಹದಿಹರೆಯದವರು ಬಂದು ಹತ್ತು ಸೆಕೆಂಡಿನಲ್ಲಿ ಹೊರಟುಹೋಗುತ್ತಾರೆ.

ಟ್ಯಾಗ್‌ಗಿಂತ ಎಚ್ಚರ ಬೇಕಾದದ್ದು ಹ್ಯಾಶ್‌ಟ್ಯಾಗ್‌ಗೆ. ಟ್ಯಾಗ್ ನೋಡುಗರಿಗೆ ಪರದೆಯ ಮೇಲೆ ಕಾಣುವುದಿಲ್ಲ. ಹ್ಯಾಶ್‌ಟ್ಯಾಗ್ ಕಾಣುತ್ತದೆ, ಒತ್ತಿದರೆ ಅದೇ ಹ್ಯಾಶ್‌ಟ್ಯಾಗ್ ಇರುವ ಲೋಕದ ವಿಡಿಯೊಗಳೆಲ್ಲ ಇರುವ ಪುಟಕ್ಕೆ ಹೋಗುತ್ತದೆ. ಮಕ್ಕಳ ವಿಡಿಯೊ ನೋಡುವ ಬೆರಳು ಕಂಡದ್ದನ್ನೆಲ್ಲ ಒತ್ತುತ್ತದೆ. ಆ ಪುಟದಲ್ಲಿ ಏನಿದೆ ಎಂದು ಮೊದಲು ನಾವೇ ಒತ್ತಿ ನೋಡಬೇಕು. ಎರಡು ಹ್ಯಾಶ್‌ಟ್ಯಾಗ್ ನೋಡಿ, ಎರಡನ್ನೂ ಬಿಟ್ಟೆವು. ವಿವರಣೆಯಲ್ಲಿ ಈಗ ಮೂರು ಸಾಲು ಇದೆ: ಬೇಕಾದ ಸಾಮಾನು, ಮಾಡುವ ಬಗೆ, ನೀರಿನ ಬಳಿ ದೊಡ್ಡವರು ಜೊತೆಗಿರಲಿ ಎಂಬ ಮಾತು. ಸ್ಥಳದ ಚೌಕ ಖಾಲಿ, ಭಾಷೆ ಕನ್ನಡ, ವರ್ಗ "Education". ಬೇರೆ ತಾಣದವರು ತಮ್ಮ ಪುಟದೊಳಗೇ ವಿಡಿಯೊ ಕೂರಿಸಲು, ಅಂದರೆ ಎಂಬೆಡ್ ಮಾಡಲು ಬಿಡುವ ಗುರುತು ತೆಗೆದೆವು, ಯಾವ ತಾಣದ ಯಾವ ಪುಟದಲ್ಲಿ ಕೂರುತ್ತದೋ ಎಂದು. ಶಾಲೆಯ ತಾಣದಲ್ಲಿ ಹಾಕುವವರಿಗೆ ಇದರಿಂದ ತೊಂದರೆಯಾಗುತ್ತದೆ, ಅಂಥವರು ಇಟ್ಟುಕೊಳ್ಳಬಹುದು.

ಥಂಬ್‌ನೇಲ್‌ಗೆ ಯಂತ್ರ ಆರಿಸಿಕೊಟ್ಟ ಚಿತ್ರ ಬಳಸಬೇಡಿ. ನಾವು ಹಾಕಿದ್ದು ಮೇಲಿನಿಂದ ತೆಗೆದ ದೋಣಿ, ಒಳಗೆ ನಾಣ್ಯಗಳು, ಅಂಚಿನಲ್ಲಿ ಒಂದು ಪುಟ್ಟ ಕೈ.

ಶಿಕ್ಷಕರ ವಿಡಿಯೊಗೆ ಇದರ ತಿರುವುಮುರುವು. ಅಲ್ಲಿ ಮಕ್ಕಳನ್ನು ಕರೆಯುವ ಪದವೇ ಇರಬಾರದು. "ತೇಲುವ ಬಲ: ಕಾಗದದ ದೋಣಿ ಪ್ರಯೋಗವನ್ನು ತರಗತಿಯಲ್ಲಿ ನಡೆಸುವ ಬಗೆ" ಎಂದು ಒಣ ಶೀರ್ಷಿಕೆ. "ಕಿಡ್ಸ್" ಎಂಬ ಒಂದು ಟ್ಯಾಗ್ ಸೇರಿಸಿದ್ದರೂ ನಾವು ಒತ್ತಿದ "No" ಮತ್ತು ನಾವು ಬರೆದ ಪದ ಒಂದಕ್ಕೊಂದು ಎದುರು ಸಾಕ್ಷಿ ಹೇಳುತ್ತಿದ್ದವು.

ಆಮೇಲೆ ಎರಡು ವಾರ ಕಾಯುವುದು. ಹೊಸ ವಿಡಿಯೊವನ್ನು ಯಾರ ಪಕ್ಕ ಕೂರಿಸಬೇಕು ಎಂದು ಶಿಫಾರಸಿನ ಯಂತ್ರಕ್ಕೆ ಮೊದಲ ದಿನ ಗೊತ್ತಿರುವುದಿಲ್ಲ. ಆ ಅವಧಿಯಲ್ಲಿ ದಿನವೂ ಶೀರ್ಷಿಕೆ ತಿದ್ದುತ್ತ ಕೂತರೆ ಯಾವ ಬದಲಾವಣೆಯಿಂದ ಏನಾಯಿತು ಎಂದು ನಮಗೇ ತಿಳಿಯುವುದಿಲ್ಲ, ಅದಕ್ಕೆ ಕೈ ಕಟ್ಟಿ ಕೂತೆವು. ಎರಡು ವಾರದ ನಂತರ ಹುಡುಕಾಟದ ಪಟ್ಟಿಯ ಮೊದಲ ಸಾಲಿನಲ್ಲಿ kagadada doni ಇತ್ತು. ಪಕ್ಕದ ವಿಡಿಯೊಗಳು ಕಾಗದ ಮಡಚುವವು ಮತ್ತು ಸಣ್ಣ ಪ್ರಯೋಗಗಳವು. ಗ್ರಾಫಿನ ಗೆರೆ ಎದ್ದದ್ದು ಹದಿನೇಳನೆಯ ನಾಣ್ಯದಲ್ಲಿ, ದೋಣಿ ಮುಳುಗುವಾಗ. ವೀಕ್ಷಣೆ ಹಿಂದಿನದಕ್ಕಿಂತ ತುಂಬ ಕಡಿಮೆ. ಪ್ಲೇಲಿಸ್ಟ್ ಪುಟವನ್ನು ಈಗಲೂ ತಿಂಗಳಿಗೊಮ್ಮೆ ತೆರೆದು ನೋಡುತ್ತೇವೆ, ಗೊತ್ತಿಲ್ಲದ ಹೆಸರು ಬಂದಿದೆಯೇ ಎಂದು.